ಹಳೆಯ ಪ್ರಶ್ನೆಪತ್ರಿಕೆ, ವಿಷಯದ ತೂಕ ಮತ್ತು ಓದಿನ ಸರದಿ

ಕನ್ನಡ ಎಂ.ಎ. ಮುಗಿಸಿ ಅಧ್ಯಾಪನ ವೃತ್ತಿಗೆ ಬರಬಯಸುವವರಿಗೆ ನೆಟ್ ಅಥವಾ ಕೆ-ಸೆಟ್ ದಾಟಲೇಬೇಕಾದ ಹೊಳೆಯಾಗಿದೆ. ಯುಜಿಸಿಯ 2018ರ ನಿಯಮಾವಳಿಗೆ 2023ರ ಜುಲೈನಲ್ಲಿ ತಂದ ತಿದ್ದುಪಡಿಯು ನೆಟ್, ಸೆಟ್ ಅಥವಾ ಸ್ಲೆಟ್ ಅನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಕನಿಷ್ಠ ಅರ್ಹತೆಯೆಂದೂ ಪಿಎಚ್.ಡಿ.ಯನ್ನು ಐಚ್ಛಿಕವೆಂದೂ ಹೇಳಿದ ಮೇಲೆ ಈ ಪರೀಕ್ಷೆಗಳ ಮೇಲಿನ ಒತ್ತಡ ಮತ್ತಷ್ಟು ಹೆಚ್ಚಿದೆ. ಕನ್ನಡ ವಿಭಾಗಗಳಲ್ಲಿ ಪರೀಕ್ಷೆಯ ತಯಾರಿಯ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಸಲಹೆ ಒಂದೇ: ‘ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡಿ, ಯಾವುದಕ್ಕೆ ಹೆಚ್ಚು ವೇಟೇಜ್ ಇದೆಯೋ ಅದನ್ನು ಮೊದಲು ಓದಿ.’ ಸಲಹೆ ತಪ್ಪಲ್ಲ. ಆದರೆ ‘ನೋಡುವುದು’ ಎಂದರೆ ಏನು, ‘ತೂಕ’ವನ್ನು ಅಳೆಯುವುದು ಹೇಗೆ, ಹೆಚ್ಚು ತೂಕದ್ದೇ ಮೊದಲು ಬರಬೇಕೇ ಎಂಬ ಮೂರು ಪ್ರಶ್ನೆಗಳನ್ನು ಈ ಸಲಹೆ ಹಾಗೆಯೇ ಬಿಟ್ಟುಬಿಡುತ್ತದೆ. ಈ ಮೂರರಲ್ಲಿ ಕೊನೆಯದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರವು ಬಹುಮಟ್ಟಿಗೆ ತಪ್ಪಾದುದು ಎಂಬುದು ಈ ಲೇಖನದ ವಾದ.

ವಾದಕ್ಕೆ ಒಂದು ನೆಲೆ ಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವನ್ನು ತೆಗೆದುಕೊಳ್ಳಬಹುದು. ಮೈಸೂರು-ಮಡಿಕೇರಿ ಹೆದ್ದಾರಿಯಲ್ಲಿ ಮೈಸೂರು ಜಿಲ್ಲೆಯ ಕೊನೆಯ ಊರುಗಳಲ್ಲಿ ಇದೂ ಒಂದು. ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ಇಲ್ಲಿ ಮನೆಮಾಡಿಕೊಂಡು ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಬಸ್ಸಿನಲ್ಲಿ ಹೋಗಿ ಪಾಠ ಹೇಳುವ ಒಬ್ಬ ಅತಿಥಿ ಉಪನ್ಯಾಸಕನನ್ನು ಕಲ್ಪಿಸಿಕೊಳ್ಳೋಣ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಮೈಸೂರಿನಲ್ಲಿದೆ. ಅಲ್ಲಿಗೆ ಹೋಗಿಬರಲು ಒಂದು ಭಾನುವಾರ ಬೇಕು. ದಿನಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡರೆ ಎರಡೂವರೆ ತಿಂಗಳಲ್ಲಿ ಸುಮಾರು 150 ಗಂಟೆ ಓದಬಹುದು. ಇಂಥವನಿಗೆ ಓದಿನ ಸರದಿ ಎಂಬುದು ಶಾಸ್ತ್ರಚರ್ಚೆಯಲ್ಲ. 150 ಗಂಟೆಗಳನ್ನು ಎಲ್ಲಿ ಹಾಕಬೇಕೆಂಬ ಜೀವನೋಪಾಯದ ಪ್ರಶ್ನೆ.

ಪರೀಕ್ಷೆಯ ಸ್ವರೂಪವನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಮೊದಲ ಪತ್ರಿಕೆ ಎಲ್ಲರಿಗೂ ಸಾಮಾನ್ಯವಾದದ್ದು, 50 ಪ್ರಶ್ನೆ. ಎರಡನೆಯದು ಕನ್ನಡ, 100 ಪ್ರಶ್ನೆ. ಪ್ರತಿ ಪ್ರಶ್ನೆಗೆ 2 ಅಂಕ, ನಾಲ್ಕು ಆಯ್ಕೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡೂ ಸೇರಿ 300 ಅಂಕಗಳಲ್ಲಿ ಸಾಮಾನ್ಯ ವರ್ಗದವರು ಶೇ. 40, ಮೀಸಲಾತಿಗೆ ಸೇರಿದವರು ಶೇ. 35 ಪಡೆಯಬೇಕು. ಇಷ್ಟು ಪಡೆದ ಮಾತ್ರಕ್ಕೆ ಅರ್ಹತೆ ಸಿಕ್ಕುವುದಿಲ್ಲ. ಎರಡೂ ಪತ್ರಿಕೆಗಳಿಗೆ ಹಾಜರಾದವರಲ್ಲಿ ನೂರಕ್ಕೆ 6 ಜನರಷ್ಟು ಮಾತ್ರ, ವಿಷಯವಾರು ಮತ್ತು ಪ್ರವರ್ಗವಾರು ಆರಿಸಲ್ಪಡುತ್ತಾರೆ. ಆದ್ದರಿಂದ ಇಂತಿಷ್ಟು ಅಂಕ ಬಂದರೆ ಸಾಕೆಂಬ ಸ್ಥಿರವಾದ ಗುರಿ ಇಲ್ಲಿಲ್ಲ. ಗೆರೆಯ ಹತ್ತಿರ ಅನೇಕರು ಒಂದೇ ಅಂಕದಲ್ಲಿ ಕಿಕ್ಕಿರಿದು ನಿಲ್ಲುವ ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳ ವ್ಯತ್ಯಾಸವೂ ವ್ಯತ್ಯಾಸವೇ.

ಮೊದಲ ತೊಡಕು ಯಾವ ಪತ್ರಿಕೆಗಳನ್ನು ಎಣಿಸಬೇಕೆಂಬುದು. ಪತ್ರಿಕೆ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿ ಹತ್ತು ಹದಿನೈದು ವರ್ಷಗಳ ಕಟ್ಟನ್ನು ಒಟ್ಟುಹಾಕುವವರಿದ್ದಾರೆ. ಆದರೆ ಈ ಕಟ್ಟಿನೊಳಗೆ ಬೇರೆಬೇರೆ ಪರೀಕ್ಷೆಗಳೇ ಇವೆ. ನೆಟ್‌ನ ಮೂರನೆಯ ಪತ್ರಿಕೆ 2012ರ ಜೂನ್‌ಗೆ ಮೊದಲು ವಿವರಣಾತ್ಮಕವಾಗಿತ್ತು; ಅಲ್ಲಿಂದಾಚೆ ವಸ್ತುನಿಷ್ಠವಾಯಿತು. 2018ರಲ್ಲಿ ಮೂರು ಪತ್ರಿಕೆಗಳು ಎರಡಾದವು. 2019ರ ಜೂನ್‌ನಿಂದ ಪರಿಷ್ಕೃತ ಪಠ್ಯಕ್ರಮ ಜಾರಿಗೆ ಬಂದಿತು. ಕೆ-ಸೆಟ್ ಅನ್ನು 2021ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯ ನಡೆಸಿತು. ಅನಂತರ ಆ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಗಿ, ಪ್ರಾಧಿಕಾರದ ಮೊದಲ ಕೆ-ಸೆಟ್ 2024ರ ಜನವರಿ 13ರಂದು ನಡೆಯಿತು. ಈ ಒಂದೊಂದು ತಿರುವಿನಲ್ಲಿಯೂ ಪ್ರಶ್ನೆ ತೆಗೆಯುವವರೋ, ತೆಗೆಯುವ ರೀತಿಯೋ, ತೆಗೆಯಬೇಕಾದ ವಿಷಯವೋ ಬದಲಾಗಿದೆ. ಹೀಗಾಗಿ ವಿಷಯದ ತೂಕವನ್ನು ಅಂದಾಜು ಮಾಡಲು 2019ರ ಈಚಿನ ಪತ್ರಿಕೆಗಳು ಮಾತ್ರ ನೇರವಾಗಿ ಉಪಯುಕ್ತ. ಅದಕ್ಕೂ ಹಿಂದಿನವನ್ನು ಎಸೆಯಬೇಕಿಲ್ಲ; ಅಭ್ಯಾಸಕ್ಕೆ, ಪ್ರಶ್ನೆಯ ಮಾದರಿಯನ್ನು ತಿಳಿಯುವುದಕ್ಕೆ ಅವು ಒದಗುತ್ತವೆ. ಎಣಿಕೆಯಲ್ಲಿ ಮಾತ್ರ ಬೆರೆಸಬಾರದು. ಕೆ-ಸೆಟ್ ಕೂಡ ನೆಟ್‌ನ ಪಠ್ಯಕ್ರಮವನ್ನೇ ಅನುಸರಿಸುವುದರಿಂದ ಎರಡರ ಪತ್ರಿಕೆಗಳನ್ನೂ ಬಳಸಬಹುದು, ಆದರೆ ಪ್ರತ್ಯೇಕ ಕಾಲಂಗಳಲ್ಲಿ. ಎರಡರ ಪ್ರವೃತ್ತಿಯೂ ಒಂದೇ ಎಂದು ಮೊದಲೇ ನಂಬಿಕೊಂಡು ಕೂಡಿಸಿದರೆ ಅವುಗಳ ನಡುವಿನ ಭೇದ ಕಾಣುವ ಅವಕಾಶವೇ ತಪ್ಪಿಹೋಗುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು, ಕನ್ನಡ ಅಧ್ಯಯನಕ್ಕೇ ವಿಶಿಷ್ಟವಾದುದು. ಒಂದು ಪ್ರಶ್ನೆ ಯಾವ ವಿಷಯಕ್ಕೆ ಸೇರುತ್ತದೆ? ‘ಕವಿರಾಜಮಾರ್ಗ’ದ ಮೇಲೆ ಒಂದು ಪ್ರಶ್ನೆ ಬಂದಿದೆಯೆಂದು ಇಟ್ಟುಕೊಳ್ಳೋಣ. ಅದು ಪ್ರಾಚೀನ ಸಾಹಿತ್ಯವೆಂದು ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ಆ ಪ್ರಶ್ನೆ ದಂಡಿಯ ‘ಕಾವ್ಯಾದರ್ಶ’ದೊಂದಿಗೆ ಅದರ ಸಂಬಂಧವನ್ನು ಕೇಳಿದರೆ ಅದು ಕಾವ್ಯಮೀಮಾಂಸೆ, ಚತ್ತಾಣ, ಬೆದಂಡೆಗಳನ್ನು ಕೇಳಿದರೆ ಕಾವ್ಯಪ್ರಕಾರದ, ಛಂದಸ್ಸಿನ ಪ್ರಶ್ನೆ, ಕನ್ನಡದ ಪ್ರಾದೇಶಿಕ ಭೇದಗಳ ಬಗ್ಗೆ ಅದು ಹೇಳುವುದನ್ನು ಕೇಳಿದರೆ ಉಪಭಾಷೆಯ, ಭಾಷಾಚರಿತ್ರೆಯ ಪ್ರಶ್ನೆ, ಕರ್ತೃವಿನ ಬಗೆಗಿನ ವಿವಾದವನ್ನು ಕೇಳಿದರೆ ಸಾಹಿತ್ಯಚರಿತ್ರೆ ಮತ್ತು ಸಂಶೋಧನೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸುವ ಅದರ ಪ್ರಸಿದ್ಧ ಪದ್ಯವನ್ನು ಕೇಳಿದರೆ ನಾಡಿನ ಸಾಂಸ್ಕೃತಿಕ ಚರಿತ್ರೆ. ಕೊಪ್ಪದ ಅಭ್ಯರ್ಥಿಗೆ ಆ ಪದ್ಯದ ತೆಂಕಣ ಎಲ್ಲೆ ಊರ ಪಕ್ಕದಲ್ಲೇ ಹರಿಯುತ್ತಿದೆ. ಆದರೆ ಪ್ರಶ್ನೆಯನ್ನು ಯಾವ ಕಾಲಂನಲ್ಲಿ ಬರೆಯಬೇಕೆಂಬುದಕ್ಕೆ ಹೊಳೆಯಿಂದ ಸಹಾಯವಿಲ್ಲ.

ಮಾರುಕಟ್ಟೆಯ ಮಾರ್ಗದರ್ಶಿ ಪುಸ್ತಕಗಳ ‘ವೇಟೇಜ್ ಪಟ್ಟಿ’ಗಳು ಜಾರುವುದು ಇಲ್ಲಿಯೇ. ಅವು ಪ್ರಶ್ನೆಯಲ್ಲಿ ಕಾಣುವ ಕೃತಿಯ ಅಥವಾ ಕವಿಯ ಹೆಸರನ್ನು ಹಿಡಿದು ವಿಂಗಡಿಸುತ್ತವೆ. ಪರಿಣಾಮವಾಗಿ ಪ್ರಾಚೀನ ಸಾಹಿತ್ಯದ ಕಾಲಂ ಉಬ್ಬುತ್ತದೆ, ಮೀಮಾಂಸೆ, ಛಂದಸ್ಸು, ಭಾಷಾವಿಜ್ಞಾನಗಳು ಸೊರಗುತ್ತವೆ. ವಿಂಗಡಣೆಯ ಸೂತ್ರ ಬೇರೆಯಾಗಬೇಕು: ಪ್ರಶ್ನೆಯಲ್ಲಿ ಯಾವ ಹೆಸರಿದೆ ಎಂಬುದನ್ನಲ್ಲ, ಸರಿಯುತ್ತರ ಹೇಳಲು ಯಾವ ತಿಳಿವಳಿಕೆ ಬೇಕು ಎಂಬುದನ್ನು ನೋಡಬೇಕು. ಎರಡು ತಿಳಿವಳಿಕೆಗಳು ಬೇಕಾದರೆ ಅರ್ಧರ್ಧ ಹಂಚಬೇಕು.

ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಈ ಹಂಚಿಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದು ಪಟ್ಟಿಯಲ್ಲಿ ಶಬ್ದಮಣಿದರ್ಪಣ, ಛಂದೋಂಬುಧಿ, ಕಾವ್ಯಾವಲೋಕನ, ಶೃಂಗಾರರತ್ನಾಕರ. ಇನ್ನೊಂದರಲ್ಲಿ ಕೇಶಿರಾಜ, ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ, ಕವಿಕಾಮ. ವ್ಯಾಕರಣ, ಛಂದಸ್ಸು, ಅಲಂಕಾರ, ರಸ ಎಂಬ ನಾಲ್ಕಕ್ಕೂ ಕಾಲು ಕಾಲು ಪ್ರಶ್ನೆ ಎಂದು ಬರೆಯಬಹುದು. ಆದರೆ ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ನಾಲ್ಕರಲ್ಲಿ ಎರಡು ಜೋಡಿಗಳನ್ನು ಬಲ್ಲವನು ಆಯ್ಕೆಗಳ ಸಹಾಯದಿಂದ ಬಹಳ ಸಲ ಸರಿಯುತ್ತರಕ್ಕೆ ತಲುಪುತ್ತಾನೆ. ಇಲ್ಲಿ ಕೇಶಿರಾಜನನ್ನೂ ಒಂದನೆಯ ನಾಗವರ್ಮನನ್ನೂ ಬಲ್ಲವನಿಗೆ ಕವಿಕಾಮ ಗೊತ್ತಿಲ್ಲದೆಯೂ ಅಂಕ ಬರಬಹುದು. ಆದ್ದರಿಂದ ಕಾಲು ಪ್ರಶ್ನೆಗಳ ಮೊತ್ತದಿಂದ ಉಬ್ಬಿದ ವಿಷಯಕ್ಕೆ ಪಕ್ಕದಲ್ಲಿ ಒಂದು ಗುರುತು ಹಾಕಿಡುವುದು ಒಳ್ಳೆಯದು: ಇದಕ್ಕೆ ಮೇಲುಮೇಲಿನ ಪರಿಚಯ ಸಾಕು, ಆಳವಾದ ಓದನ್ನು ಈ ಎಣಿಕೆ ಬೇಡುತ್ತಿಲ್ಲ.

ವಿಂಗಡಣೆ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಸರಳ. ಒಂದೇ ಪತ್ರಿಕೆಯನ್ನು ಇಬ್ಬರು ಪರಸ್ಪರ ನೋಡದೆ ವಿಂಗಡಿಸಿ, ಅನಂತರ ಎದುರುಬದುರು ಇಟ್ಟು ಹೋಲಿಸಬೇಕು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಗುರುತಿಸುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೇನಲ್ಲ. ನೂರು ಪ್ರಶ್ನೆಗಳಲ್ಲಿ ಐದಾರು ಕಡೆ ಭೇದ ಬಂದರೆ ಚಿಂತೆಯಿಲ್ಲ. ಕಾಲು ಭಾಗದಷ್ಟು ಪ್ರಶ್ನೆಗಳಲ್ಲಿ ಭೇದ ಬಂದರೆ ದೋಷವಿರುವುದು ವಿಂಗಡಿಸಿದವರಲ್ಲಿ ಅಲ್ಲ, ವಿಷಯಗಳ ಶೀರ್ಷಿಕೆಗಳಲ್ಲಿ. ‘ಆಧುನಿಕ ಸಾಹಿತ್ಯ’ ಎಂಬಷ್ಟು ಅಗಲವಾದ ಶೀರ್ಷಿಕೆಯಿಂದ ಓದಿನ ಯೋಜನೆಗೆ ಏನೂ ಸಿಕ್ಕುವುದಿಲ್ಲ. ಒಬ್ಬೊಬ್ಬ ಕವಿಗೆ ಒಂದೊಂದು ಕಾಲಂ ಮಾಡಿದರೆ ಪ್ರತಿ ಕಾಲಂನಲ್ಲಿಯೂ ಒಂದೋ ಎರಡೋ ಪ್ರಶ್ನೆ ಉಳಿದು ಎಣಿಕೆಗೆ ಅರ್ಥವೇ ಇರುವುದಿಲ್ಲ. ಹದಿನೈದರಿಂದ ಇಪ್ಪತ್ತು ಶೀರ್ಷಿಕೆಗಳು ಕನ್ನಡ ಪತ್ರಿಕೆಗೆ ಹದವಾದ ಸಂಖ್ಯೆ. ಉತ್ತರಸೂಚಿಯಲ್ಲಿ ಆಕ್ಷೇಪಣೆಗೆ ಒಳಗಾಗಿ ಕೈಬಿಟ್ಟ ಪ್ರಶ್ನೆಗಳನ್ನೂ ಎಣಿಕೆಯಲ್ಲಿ ಉಳಿಸಿಕೊಳ್ಳಬೇಕು. ಪ್ರಶ್ನೆ ದೋಷಯುಕ್ತವಾದರೂ ಯಾವ ವಿಷಯದ ಕಡೆ ಪ್ರಶ್ನೆಕಾರರ ಕಣ್ಣಿತ್ತು ಎಂಬುದನ್ನು ಅದು ಹೇಳುತ್ತದೆ.

ಎಣಿಕೆ ಮುಗಿಯಿತು ಎನ್ನೋಣ. ಅಂಕಿಗಳನ್ನು ಎಷ್ಟು ನಂಬಬೇಕು? ಒಂದು ವಿಷಯಕ್ಕೆ ಪ್ರಶ್ನೆಕಾರರ ಒಲವು ನಿಜವಾಗಿ 100ಕ್ಕೆ 6 ಪ್ರಶ್ನೆಗಳಷ್ಟು ಇದೆಯೆಂದು ಇಟ್ಟುಕೊಂಡರೂ ಪ್ರತಿ ವರ್ಷ ಆರೇ ಬರುವುದಿಲ್ಲ. ಬರಿಯ ಆಕಸ್ಮಿಕದಿಂದಲೇ ಸುಮಾರು ಮೂರರಲ್ಲಿ ಎರಡು ಬಾರಿ 4ರಿಂದ 8ರ ನಡುವೆ ಬರುತ್ತದೆ. ಉಳಿದ ಸಲ ಅದಕ್ಕಿಂತ ಕಡಮೆ ಅಥವಾ ಹೆಚ್ಚು. ಹೋದ ವರ್ಷ 3 ಬಂದದ್ದು ಈ ವರ್ಷ 9 ಬಂದರೆ ‘ಈಗ ಆ ವಿಷಯಕ್ಕೆ ಪ್ರಾಮುಖ್ಯ ಬಂದಿದೆ’ ಎಂದು ತೀರ್ಮಾನಿಸಲು ಆಧಾರವಿಲ್ಲ. ಐದು ಪತ್ರಿಕೆಗಳ ಸರಾಸರಿ ತೆಗೆದಾಗಲೂ ಅಂದಾಜಿನಲ್ಲಿ ಒಂದು ಪ್ರಶ್ನೆಯಷ್ಟು ಅತ್ತಿತ್ತ ಇದ್ದೇ ಇರುತ್ತದೆ. ಹೀಗಿರುವಾಗ ಸರಾಸರಿ 6 ಇರುವ ವಿಷಯಕ್ಕಿಂತ 7 ಇರುವ ವಿಷಯ ಮುಖ್ಯವೆಂದು ಒಂದರ ಹಿಂದೊಂದು ಶ್ರೇಣಿ ಕಟ್ಟುವುದು ಇಲ್ಲದ ನಿಖರತೆಯನ್ನು ನಟಿಸಿದಂತೆ. ‘ಹೆಚ್ಚು’, ‘ಮಧ್ಯಮ’, ‘ಕಡಮೆ’ ಎಂಬ ಮೂರು ಗುಂಪುಗಳಿಗಿಂತ ಸೂಕ್ಷ್ಮವಾದ ಶ್ರೇಣಿಯನ್ನು ನಾಲ್ಕೈದು ಪತ್ರಿಕೆಗಳು ಹೊರಲಾರವು. ಇದರ ಜೊತೆಗೆ ಅಭ್ಯರ್ಥಿಗಳ ನಡುವೆ ಎರಡು ವಿರುದ್ಧ ನಂಬಿಕೆಗಳು ಒಟ್ಟಿಗೇ ಬಾಳುತ್ತಿವೆ: ಹೋದ ಸಲ ಬಂದದ್ದು ಈ ಸಲ ಬರುವುದಿಲ್ಲ ಎಂಬುದು ಒಂದು, ಎರಡು ಸಲ ಬಂದಿಲ್ಲವಾದ್ದರಿಂದ ಈ ಸಲ ಬಂದೇ ಬರುತ್ತದೆ ಎಂಬುದು ಇನ್ನೊಂದು. ಪ್ರಶ್ನೆಕಾರರು ಹಿಂದಿನವರ ಲೆಕ್ಕ ತೀರಿಸಲು ಕುಳಿತಿರುತ್ತಾರೆಂಬ ಊಹೆಯ ಮೇಲೆ ಎರಡೂ ನಿಂತಿವೆ.

ಇನ್ನು ಮುಖ್ಯವಾದ ಮಾತಿಗೆ ಬರಬಹುದು. ತೂಕ ಗೊತ್ತಾದ ಮೇಲೆ ಹೆಚ್ಚು ತೂಕದ್ದನ್ನೇ ಮೊದಲು ಓದಬೇಕೇ? ತೂಕ ಹೇಳುವುದು ಎಷ್ಟು ಪ್ರಶ್ನೆ ಬರುತ್ತವೆ ಎಂಬುದನ್ನು. ಓದಿನ ಸರದಿಗೆ ಬೇಕಾದದ್ದು ಒಂದು ಗಂಟೆ ಓದಿದರೆ ಎಷ್ಟು ಉತ್ತರ ಹೊಸದಾಗಿ ಸರಿಯಾಗುತ್ತವೆ ಎಂಬುದು. ಇವೆರಡರ ನಡುವೆ ಇನ್ನೆರಡು ಸಂಗತಿಗಳಿವೆ: ಅಭ್ಯರ್ಥಿಗೆ ಈಗಾಗಲೇ ಗೊತ್ತಿರುವುದು ಎಷ್ಟು, ಮತ್ತು ಆ ವಿಷಯ ಎಷ್ಟು ಗಂಟೆ ಬೇಡುತ್ತದೆ. ಎಂ.ಎ. ಮಾಡಿ ನಾಲ್ಕು ವರ್ಷ ವಚನ, ಕೀರ್ತನೆಗಳನ್ನು ಪಾಠ ಹೇಳಿದವನಿಗೆ ನಡುಗನ್ನಡದ ಬಹುಪಾಲು ಪ್ರಶ್ನೆಗಳು ಓದದೆಯೂ ಸರಿಯಾಗುತ್ತವೆ. ಅವನಿಗೆ ಆ ವಿಷಯದ ತೂಕ ದೊಡ್ಡದು, ಆದರೆ ಅದರಿಂದ ಬರಬೇಕಾದ ಲಾಭ ಚಿಕ್ಕದು.

ಈಗಾಗಲೇ ಗೊತ್ತಿರುವುದನ್ನು ಅಳೆಯಲು ಒಂದು ಹಳೆಯ ಪತ್ರಿಕೆಯನ್ನು, ಏನನ್ನೂ ಓದದೆ, ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಪ್ರತಿ ಉತ್ತರದ ಮುಂದೆ ‘ತಿಳಿದು’ ಅಥವಾ ‘ಊಹಿಸಿ’ ಎಂದು ಗುರುತು ಹಾಕಬೇಕು. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಈ ಗುರುತಿಲ್ಲದಿದ್ದರೆ ಅದೃಷ್ಟವೂ ವಿದ್ವತ್ತಿನ ಖಾತೆಗೆ ಜಮೆಯಾಗುತ್ತದೆ.

ಕೊಪ್ಪದ ನಮ್ಮ ಕಲ್ಪಿತ ಉಪನ್ಯಾಸಕನ ಲೆಕ್ಕವನ್ನು ಈಗ ನಾಲ್ಕು ವಿಷಯಗಳ ಮಟ್ಟಿಗೆ ಹಾಕಿನೋಡಬಹುದು. ಇಲ್ಲಿನ ಅಂಕಿಗಳು ಕ್ರಮವನ್ನು ತೋರಿಸಲು ಊಹಿಸಿಕೊಂಡವು, ಯಾವ ಪತ್ರಿಕೆಯಿಂದಲೂ ಎತ್ತಿದವಲ್ಲ. ನಡುಗನ್ನಡಕ್ಕೆ ಸರಾಸರಿ 14 ಪ್ರಶ್ನೆ. ಅವನಿಗೆ ಈಗಲೇ 8 ಸರಿಯಾಗುತ್ತವೆ. 40 ಗಂಟೆ ಓದಿದರೆ 11 ಆಗಬಹುದು. ಹಳಗನ್ನಡ ಕೃತಿಗಳಿಗೆ 12, ಈಗ 6, 80 ಗಂಟೆ ಓದಿದರೆ 9. ಭಾಷಾವಿಜ್ಞಾನಕ್ಕೆ 8; ಅದರಲ್ಲಿ ಅವನಿಗೆ ಪರಿಚಯವೇ ಇಲ್ಲ, ಊಹೆಯಿಂದ ಬರುವುದು 2; 30 ಗಂಟೆಯಲ್ಲಿ ಐದೂವರೆಯವರೆಗೆ ಏರಬಹುದು. ಛಂದಸ್ಸಿಗೆ 5, ಊಹೆಯಿಂದ ಒಂದೂಕಾಲು, 20 ಗಂಟೆಯಲ್ಲಿ 4.

ತೂಕದ ಸರದಿಯಲ್ಲಿ ಹೋದರೆ ನಡುಗನ್ನಡ, ಹಳಗನ್ನಡ, ಭಾಷಾವಿಜ್ಞಾನ ಎಂಬ ಕ್ರಮದಲ್ಲಿ 40, 80, 30 ಸೇರಿ 150 ಗಂಟೆ ಮುಗಿದುಹೋಗುತ್ತದೆ. ಛಂದಸ್ಸಿಗೆ ಸಮಯವಿಲ್ಲ. ಗಳಿಕೆ 3, 3 ಮತ್ತು ಮೂರೂವರೆ, ಒಟ್ಟು ಒಂಬತ್ತೂವರೆ ಪ್ರಶ್ನೆ. ಗಂಟೆಗೆ ಬರುವ ಗಳಿಕೆಯನ್ನು ನೋಡಿದರೆ ಸರದಿ ಹೆಚ್ಚುಕಡಮೆ ತಲೆಕೆಳಗಾಗುತ್ತದೆ: ಛಂದಸ್ಸು ಮೊದಲು, ಅನಂತರ ಭಾಷಾವಿಜ್ಞಾನ, ಆಮೇಲೆ ನಡುಗನ್ನಡ, ಕೊನೆಗೆ ಹಳಗನ್ನಡ. ಮೊದಲ ಮೂರಕ್ಕೆ 90 ಗಂಟೆ ಹೋಗಿ ಹಳಗನ್ನಡಕ್ಕೆ 60 ಉಳಿಯುತ್ತದೆ. ಆ 60ರಲ್ಲಿ ಅದರ ಗಳಿಕೆಯ ಮುಕ್ಕಾಲು ಭಾಗ ಬಂದರೂ ಒಟ್ಟು ಹನ್ನೊಂದೂವರೆ ಪ್ರಶ್ನೆ. ವ್ಯತ್ಯಾಸ 2 ಪ್ರಶ್ನೆ, ಅಂದರೆ 4 ಅಂಕ. ದೊಡ್ಡದಲ್ಲ. ಆದರೆ ಅದು ಒಂದು ಗಂಟೆಯನ್ನೂ ಹೆಚ್ಚು ಓದದೆ, ಸರದಿಯನ್ನು ಬದಲಿಸಿದ ಮಾತ್ರಕ್ಕೆ ಬಂದದ್ದು. ಮೇಲೆ ಹೇಳಿದ ನೂರಕ್ಕೆ ಆರರ ಗೆರೆಯ ಬಳಿ ಅದಕ್ಕೆ ಬೆಲೆಯಿದೆ.

ಛಂದಸ್ಸು ಹೀಗೆ ಮೇಲೇರುವುದಕ್ಕೆ ಕಾರಣ ಅದರ ವ್ಯಾಪ್ತಿ ಮುಚ್ಚಿದ ಕಣಜದಂತಿರುವುದು. ಮಾತ್ರಾಗಣ, ಅಕ್ಷರಗಣ, ಅಂಶಗಣ, ಖ್ಯಾತಕರ್ನಾಟಕವೆನಿಸಿದ ಆರು ವೃತ್ತಗಳು, ಕಂದ, ಷಟ್ಪದಿಯ ಆರು ಬಗೆ, ರಗಳೆಯ ಮೂರು, ತ್ರಿಪದಿ, ಸಾಂಗತ್ಯ. ಪ್ರಸ್ತಾರ ಹಾಕಲು ಕೈ ಕುದುರಿದರೆ ಉಳಿದದ್ದು ನೆನಪಿನ ಕೆಲಸ, ಮತ್ತು ಅದಕ್ಕೆ ಮನೆಯಲ್ಲಿರುವ ಒಂದೆರಡು ಪುಸ್ತಕಗಳು ಸಾಕು. ಮೈಸೂರಿನ ಭಾನುವಾರ ಬೇಕಿಲ್ಲ. ಭಾಷಾವಿಜ್ಞಾನವೂ ಹೀಗೆಯೇ, ಸ್ವಲ್ಪ ಅಗಲವಾಗಿ: ಧ್ವನಿಮಾ, ಆಕೃತಿಮಾ, ದ್ರಾವಿಡ ಭಾಷೆಗಳ ವರ್ಗೀಕರಣ, ಉಪಭಾಷೆ, ಸ್ವೀಕರಣ. ಹಳಗನ್ನಡ ಕೃತಿಗಳ ಓದಿಗೆ ಇಂಥ ಅಂಚಿಲ್ಲ. ಪಂಪನನ್ನು 80 ಗಂಟೆಯಲ್ಲಿ ಓದಿ ಮುಗಿಸಿದೆನೆಂದು ಹೇಳುವವರನ್ನು ಪರೀಕ್ಷೆ ನಂಬಬಹುದು, ಕನ್ನಡ ವಿಭಾಗ ನಂಬಬೇಕಾಗಿಲ್ಲ.

ಆದರೆ ಗಂಟೆಯ ಗಳಿಕೆಯೂ ಕೊನೆಯ ಮಾತಲ್ಲ. ಕನ್ನಡದ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೆಲವನ್ನು ಮೊದಲು ಓದಿದರೆ ಇನ್ನು ಕೆಲವು ಅಗ್ಗವಾಗುತ್ತವೆ. ರಗಳೆಯ ಲಯ ತಿಳಿದವನಿಗೆ ಹರಿಹರ, ವಾರ್ಧಕ ಮತ್ತು ಭಾಮಿನಿ ಷಟ್ಪದಿಗಳನ್ನು ಬಲ್ಲವನಿಗೆ ರಾಘವಾಂಕ, ಕುಮಾರವ್ಯಾಸರು ಬೇಗ ಕೈಗೆ ಸಿಗುತ್ತಾರೆ. ಹಾಗಾಗಿ ಛಂದಸ್ಸಿನ 20 ಗಂಟೆಗಳು ನಡುಗನ್ನಡದ 40ರಲ್ಲಿ ಒಂದಿಷ್ಟನ್ನು ತೀರಿಸುತ್ತವೆ. ಇದಕ್ಕೆ ತದ್ವಿರುದ್ಧ ದಿಕ್ಕಿನ ಸಂಬಂಧವೂ ಉಂಟು. ಕೇಶಿರಾಜನ ಸೂತ್ರಗಳಿಗೆ ಉದಾಹರಣೆಗಳು ಬರುವುದು ಅವನ ಹಿಂದಿನ ಕವಿಗಳಿಂದ. ಪಂಪ, ರನ್ನರ ಭಾಷೆಯ ಪರಿಚಯವೇ ಇಲ್ಲದೆ ‘ಶಬ್ದಮಣಿದರ್ಪಣ’ಕ್ಕೆ ಕೈಹಾಕಿದರೆ ಸೂತ್ರ ಬಾಯಿಪಾಠವಾಗುತ್ತದೆ, ಪ್ರಯೋಗ ಗುರುತು ಸಿಗುವುದಿಲ್ಲ. ಆದ್ದರಿಂದ ಹಳಗನ್ನಡವನ್ನು ಲೆಕ್ಕ ಹೇಳಿದಂತೆ ಕಟ್ಟಕಡೆಗೆ ತಳ್ಳುವುದು ಸರಿಯಲ್ಲ. ಅದನ್ನು ಮೊದಲ ವಾರದಿಂದಲೇ ದಿನಕ್ಕೆ ಅರ್ಧ ಗಂಟೆಯಂತೆ, ಒಂದು ಆಶ್ವಾಸವನ್ನು ಹಿಡಿದು, ಉಳಿದವುಗಳ ಪಕ್ಕದಲ್ಲಿ ನಡೆಸಿಕೊಂಡು ಹೋಗಬೇಕು. ಎರಡೂವರೆ ತಿಂಗಳಲ್ಲಿ ಅದೇ ಮೂವತ್ತೇಳು ಗಂಟೆಯಾಗುತ್ತದೆ. ಮಿಕ್ಕ ಇಪ್ಪತ್ತಮೂರನ್ನು ಕೊನೆಯ ವಾರಗಳಲ್ಲಿ ಸೇರಿಸಬಹುದು.

ಕಾಲಾನುಕ್ರಮದ ಪ್ರಶ್ನೆಗಳಿಗೆ ಇಲ್ಲಿ ಒಂದು ಬಿಡಿಮಾತು ಸಲ್ಲಬೇಕು. ಕವಿರಾಜಮಾರ್ಗ, ವಿಕ್ರಮಾರ್ಜುನ ವಿಜಯ, ಯಶೋಧರ ಚರಿತೆ, ಶಬ್ದಮಣಿದರ್ಪಣಗಳನ್ನು ಕ್ರಮವಾಗಿ ಇಡಲು ಇಸವಿಗಳು ಬೇಕಿಲ್ಲ. ಯಾರು ಯಾರಿಗಿಂತ ಮೊದಲು ಎಂಬುದು ಸಾಕು. ಇಸವಿಗಳ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಶತಮಾನಕ್ಕೊಂದು ಸಾಲು ಮಾಡಿ ಗೋಡೆಗೆ ಅಂಟಿಸುವುದು ಲೇಸು.

ಈ ಕ್ರಮವನ್ನು ಬೇರೆ ಪರೀಕ್ಷೆಗೆ ಹಾಗೆಯೇ ಒಯ್ಯುವಂತಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡವರಿಗೆ ಪ್ರತಿ ಪತ್ರಿಕೆಯಲ್ಲಿ 50 ಅಂಕಗಳ ಎಂಟು ಪ್ರಶ್ನೆಗಳಿರುತ್ತವೆ, ಅಂದರೆ ಅಚ್ಚಾಗುವುದು 400 ಅಂಕ; ಬರೆಯಬೇಕಾದದ್ದು ಐದು ಪ್ರಶ್ನೆ, 250 ಅಂಕ. ಒಂದು ಮತ್ತು ಐದನೆಯವು ಕಡ್ಡಾಯ. ಉಳಿದ ಆರರಲ್ಲಿ ಮೂರು, ಪ್ರತಿ ವಿಭಾಗದಿಂದ ಕನಿಷ್ಠ ಒಂದು. ಅಲ್ಲಿ ಕಡ್ಡಾಯ ಪ್ರಶ್ನೆಗಳ 100 ಅಂಕಗಳನ್ನೂ ಆಯ್ಕೆಯುಳ್ಳ 300 ಅಂಕಗಳನ್ನೂ ಒಂದೇ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ, ಏಕೆಂದರೆ ಆಯ್ಕೆಯ ಪ್ರಶ್ನೆಯಲ್ಲಿ ಒಂದು ಕೃತಿಯನ್ನು ಬಿಡಲು ಅವಕಾಶವುಂಟು, ಕಡ್ಡಾಯದಲ್ಲಿ ಇಲ್ಲ. ಕೆ-ಸೆಟ್‌ನಲ್ಲಿ ಯಾವುದನ್ನೂ ಬಿಡುವ ಅವಕಾಶವಿಲ್ಲ, ಆದರೆ ಯಾವುದನ್ನಾದರೂ ತೆಳುವಾಗಿ ಓದುವ ಅವಕಾಶವಿದೆ. ಒಂದು ಆಳವನ್ನೂ ಇನ್ನೊಂದು ಹರಹನ್ನೂ ಕೇಳುತ್ತದೆ.

ಇಂಥ ಲೆಕ್ಕಾಚಾರಕ್ಕೆ ಹಿರಿಯ ವಿದ್ವಾಂಸರಿಂದ ಬರುವ ಆಕ್ಷೇಪಣೆ ಸುಪರಿಚಿತ: ಸಾಹಿತ್ಯ ತೂಗುವ ವಸ್ತುವಲ್ಲ, ಪ್ರಶ್ನೆಪತ್ರಿಕೆ ನೋಡಿ ಓದುವವನು ಪ್ರಶ್ನೆಪತ್ರಿಕೆಯನ್ನು ಮಾತ್ರ ಓದುತ್ತಾನೆ. ಆಕ್ಷೇಪಣೆಯ ಹಿಂದಿನ ಆತಂಕ ನಿಜವಾದುದು, ಆದರೆ ಅದು ಬೆರಳು ತೋರುವ ದಿಕ್ಕು ಸರಿಯಿಲ್ಲ. ಅಭ್ಯರ್ಥಿಗಳಂತೆ ಪ್ರಶ್ನೆಕಾರರೂ ಹಳೆಯ ಪತ್ರಿಕೆಗಳನ್ನು ನೋಡಬಲ್ಲರು. ಒಮ್ಮೆ ಕೇಳಿದ ಕೃತಿ-ಕರ್ತೃ, ಕೃತಿ-ಕಾಲ, ಬಿರುದು-ಕವಿಗಳ ಜೋಡಿಗಳು ಮತ್ತೆ ಕೇಳಲು ಸುಲಭವಾದವು, ಉತ್ತರಸೂಚಿಗೆ ಆಕ್ಷೇಪಣೆ ಬಾರದಂಥವು. ಅಭ್ಯರ್ಥಿ ಅದನ್ನೇ ಓದುತ್ತಾನೆ, ಮುಂದೆ ಅಧ್ಯಾಪಕನಾಗಿ ಅದನ್ನೇ ಹೇಳುತ್ತಾನೆ, ಒಂದು ದಿನ ಪ್ರಶ್ನೆಕಾರನಾಗಿ ಅದನ್ನೇ ಕೇಳುತ್ತಾನೆ. ಈ ಸುತ್ತು ಇದೆಯೋ ಇಲ್ಲವೋ ಎಂದು ತಿಳಿಯಲು ಎಣಿಸುವುದೊಂದೇ ದಾರಿ. ಮೇಲೆ ಹೇಳಿದ ವಿಂಗಡಣೆಯ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿದರಾಯಿತು: ಈ ಪ್ರಶ್ನೆಗೆ ಕೃತಿಯನ್ನು ಒಮ್ಮೆಯೂ ತೆರೆಯದವನು, ಸಾಹಿತ್ಯಚರಿತ್ರೆಯ ಸೂಚಿಯನ್ನು ಮಾತ್ರ ನೋಡಿದವನು, ಉತ್ತರಿಸಬಲ್ಲನೇ? ಹೌದು ಅಥವಾ ಇಲ್ಲ.

ಅಭ್ಯರ್ಥಿಗೆ ಈ ಕಾಲಂ ಓದಿನ ಆಳವನ್ನು ನಿರ್ಧರಿಸಿಕೊಡುತ್ತದೆ. ಕನ್ನಡ ವಿಭಾಗಕ್ಕೆ ಅದು ಹೇಳುವುದು ಬೇರೆಯದನ್ನು. ‘ಹೌದು’ಗಳು ಮುಕ್ಕಾಲು ಪಾಲಾದರೆ ಪರೀಕ್ಷೆ ಅಳೆಯುತ್ತಿರುವುದು ಸಾಹಿತ್ಯದ ಓದನ್ನಲ್ಲ ಎಂಬ ವಾದಕ್ಕೆ ಅಂಕಿಯ ಆಧಾರ ಸಿಗುತ್ತದೆ, ಸೆಮಿನಾರುಗಳಲ್ಲಿ ವರ್ಷವರ್ಷವೂ ಹೇಳಲ್ಪಡುವ ಕೊರಗು ಪರೀಕ್ಷಾ ಪ್ರಾಧಿಕಾರದ ಮೇಜಿಗೆ ಹೋಗಬಲ್ಲ ದಾಖಲೆಯಾಗುತ್ತದೆ. ‘ಇಲ್ಲ’ಗಳು ಹೆಚ್ಚಾದರೆ ವಾದವನ್ನು ಕೈಬಿಡಬೇಕಾಗುತ್ತದೆ. ಎರಡರಲ್ಲಿ ಯಾವುದು ಬಂದರೂ ಸ್ವಾಗತಾರ್ಹವೇ. ಇದು ಮಾರ್ಗದರ್ಶಿ ಪುಸ್ತಕಗಳಿಂದ ಆಗುವ ಕೆಲಸವಲ್ಲ. ವಿಭಾಗದಲ್ಲಿ ನಾಲ್ಕು ಮಂದಿ ಸಂಶೋಧನಾರ್ಥಿಗಳು ಜೋಡಿಯಾಗಿ ಕುಳಿತರೆ ಒಂದು ಪತ್ರಿಕೆಗೆ ಒಂದು ಸಂಜೆ ಸಾಕು. ಹಾಳೆಯನ್ನು ವಿಭಾಗದ ಗ್ರಂಥಾಲಯದಲ್ಲಿಟ್ಟು, ಕೊಪ್ಪದಂಥ ಊರಿನಿಂದ ಬರುವವರಿಗೆ ನೆರಳಚ್ಚು ಪ್ರತಿ ಸಿಗುವಂತೆ ಮಾಡಬಹುದು.

ಒಂದು ಎಚ್ಚರವನ್ನು ಮಾತ್ರ ಪಾಲಿಸಬೇಕು. ತೀರ ಇತ್ತೀಚಿನ ಪತ್ರಿಕೆಯನ್ನು ಎಣಿಕೆಗೆ ಸೇರಿಸದೆ ಮುಚ್ಚಿಡಬೇಕು. ಉಳಿದವುಗಳಿಂದ ತೂಕದ ಮೂರು ಗುಂಪುಗಳನ್ನು ಮಾಡಿದ ಮೇಲೆ ಅದನ್ನು ತೆರೆದು, ‘ಹೆಚ್ಚು’ ಎಂದ ವಿಷಯಗಳಿಗೆ ನಿಜವಾಗಿಯೂ ಹೆಚ್ಚು ಪ್ರಶ್ನೆಗಳು ಬಂದಿವೆಯೇ ಎಂದು ನೋಡಬೇಕು. ಒಂದೆರಡು ವಿಷಯಗಳು ಗುಂಪು ಬದಲಿಸಿದ್ದರೆ ಅದು ಆಕಸ್ಮಿಕದ ಮಿತಿಯೊಳಗಿನದು. ಅರ್ಧದಷ್ಟು ಬದಲಿಸಿದ್ದರೆ ಹಾಳೆಯ ತೂಕದ ಕಾಲಂ ಪ್ರಯೋಜನಕ್ಕೆ ಬಾರದು. ಪ್ರಶ್ನೆ ತೆಗೆಯುವ ಕೈ ಬದಲಾಗಿದೆ ಅಥವಾ ಮೊದಲಿನಿಂದಲೂ ಅಲ್ಲಿ ಕ್ರಮವೇ ಇರಲಿಲ್ಲ. ಆಗ ಅಭ್ಯರ್ಥಿಯ ಕೈಯಲ್ಲಿ ಉಳಿಯುವುದು ತನಗೇನು ಗೊತ್ತು, ಯಾವುದಕ್ಕೆ ಎಷ್ಟು ಗಂಟೆ ಬೇಕು ಎಂಬ ಎರಡೇ ಕಾಲಂಗಳು. ಎಲ್ಲ ಘಟಕಗಳಿಗೂ ಸಮಾನ ತೂಕ ಕೊಟ್ಟು ಆ ಎರಡರಿಂದಲೇ ಸರದಿ ಕಟ್ಟಿಕೊಳ್ಳಬೇಕಾಗುತ್ತದೆ. ಮೇಲಿನ ನಿದರ್ಶನದ ನಾಲ್ಕು ವಿಷಯಗಳಿಗೆ ಹೀಗೆ ಸಮಾನ ತೂಕ ಕೊಟ್ಟು ಲೆಕ್ಕ ಹಾಕಿದರೂ ಛಂದಸ್ಸು, ಭಾಷಾವಿಜ್ಞಾನಗಳೇ ಮೊದಲೆರಡು ಸ್ಥಾನಗಳಲ್ಲಿ ನಿಲ್ಲುತ್ತವೆ.